ಬೇರೆಯಾದವರ ಜಂಟಿ ಸಾಲ: ಹಂಚಿಕೆಯ ನ್ಯಾಯ ಮತ್ತು ಕ್ರಮ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)

1. ಸಾಲದ ಎರಡು ಮುಖ

ವಿವಾಹ ವಿಚ್ಛೇದನದ ಮಾತು ಬಂದಾಗ ಜೀವನಾಂಶ, ಮಕ್ಕಳ ಪಾಲನೆ, ಒಡವೆ ಹಾಗೂ ಮನೆಯ ಹಕ್ಕುಗಳಿಗೆ ಸಿಗುವಷ್ಟು ಗಮನ ಸಾಲಕ್ಕೆ ಸಿಗುವುದಿಲ್ಲ. ಆದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಇಬ್ಬರೂ ದುಡಿಯುವ ದಂಪತಿ ಜೊತೆಯಾಗಿ ಸಹಿ ಹಾಕಿರುವ ಕಾಗದಗಳಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತದ್ದು ಬಹುಪಾಲು ಗೃಹಸಾಲದ ಕರಾರೇ ಆಗಿರುತ್ತದೆ; ದಾಂಪತ್ಯ ಮುಗಿದರೂ ಆ ಕರಾರಿನ ಅವಧಿ ಇನ್ನೂ ಹತ್ತು ಹದಿನೈದು ವರ್ಷ ಉಳಿದಿರುತ್ತದೆ. ಈ ಉಪನ್ಯಾಸವು ಇಂತಹ ಜಂಟಿ ಗೃಹಸಾಲವನ್ನು ನಡುವಿಗಿಟ್ಟುಕೊಂಡು, ಅದರ ಸುತ್ತ ಇರುವ ಕ್ರೆಡಿಟ್ ಕಾರ್ಡ್, ಓವರ್‌ಡ್ರಾಫ್ಟ್ ಹಾಗೂ ವೈಯಕ್ತಿಕ ಸಾಲಗಳನ್ನು ಅಗತ್ಯವಿದ್ದಷ್ಟು ಮಾತ್ರ ಪರಿಶೀಲಿಸುತ್ತದೆ.

ಸಾಲದ ಹಂಚಿಕೆಯಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಗೊಂದಲದಿಂದ ಹುಟ್ಟುತ್ತವೆ. ಪತಿ ಪತ್ನಿಯರ ನಡುವೆ ಯಾರು ಎಷ್ಟು ಹೊರಬೇಕು ಎಂಬುದು ಸಾಲದ ಒಳಮುಖವಾದರೆ, ಬ್ಯಾಂಕು ಯಾರಿಂದ ಎಷ್ಟು ವಸೂಲು ಮಾಡಬಹುದು ಎಂಬುದು ಅದರ ಹೊರಮುಖ. ಒಪ್ಪಂದಪತ್ರವಾಗಲಿ ನ್ಯಾಯಾಲಯದ ರಾಜಿ ಡಿಕ್ರಿಯಾಗಲಿ, ಬ್ಯಾಂಕು ಅದರಲ್ಲಿ ಸೇರದಿದ್ದ ಪಕ್ಷದಲ್ಲಿ, ಒಳಮುಖವನ್ನಷ್ಟೇ ತೀರ್ಮಾನಿಸುತ್ತದೆ. ಹೊರಮುಖ ಮೊದಲಿದ್ದಂತೆಯೇ ಇರುತ್ತದೆ. ಇನ್ನು ಮುಂದೆ ಸಾಲದ ಹೊಣೆ ಪೂರ್ತಿಯಾಗಿ ಪತಿಯದು ಎಂದು ಡಿಕ್ರಿಯಲ್ಲಿ ಬರೆಸಿಕೊಂಡ ಪತ್ನಿ, ಮೂರು ವರ್ಷ ಕಳೆದ ಮೇಲೆ ತನ್ನದೇ ಒಂದು ಸಣ್ಣ ಸಾಲಕ್ಕೆ ಅರ್ಜಿ ಹಾಕಿದಾಗ, ಹಳೆಯ ಮನೆಯ ಬಾಕಿ ಕಂತುಗಳು ತನ್ನ ಹೆಸರಿನಲ್ಲಿ ದಾಖಲಾಗಿರುವುದನ್ನು ಕಾಣುವ ಸಾಧ್ಯತೆ ಇರುವುದು ಈ ಕಾರಣಕ್ಕೆ.

2. ಕಾನೂನು ಹೇಳುವುದೇನು, ಹೇಳದಿರುವುದೇನು

ಸಾಲಪತ್ರಕ್ಕೆ ಇಬ್ಬರು ಸಹಿ ಹಾಕಿದಾಗ ಅವರು ಜಂಟಿ ವಾಗ್ದಾನಿಗಳಾಗುತ್ತಾರೆ, ಅಂದರೆ ಒಂದೇ ಮಾತನ್ನು ಜೊತೆಯಾಗಿ ಕೊಟ್ಟವರಾಗುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 43ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಸಾಲ ಕೊಟ್ಟವರು ಇಡೀ ಮೊತ್ತವನ್ನು ಇಬ್ಬರಲ್ಲಿ ಯಾರೊಬ್ಬರಿಂದ ಬೇಕಾದರೂ ಕೇಳಬಹುದು. ತನ್ನ ಪಾಲಿಗಿಂತ ಹೆಚ್ಚು ಕೊಟ್ಟವರು, ಇಬ್ಬರ ನಡುವೆ ಬೇರೆ ಉದ್ದೇಶ ಇತ್ತೆಂದು ಕಂಡುಬರದ ಹೊರತು, ಮತ್ತೊಬ್ಬರಿಂದ ಸಮಪಾಲನ್ನು ವಸೂಲು ಮಾಡಬಹುದು. ಮೊದಲನೆಯ ಮಾತು ಹೊರಮುಖದ್ದು, ಎರಡನೆಯದು ಒಳಮುಖದ್ದು. ಅದರ ಮುಂದಿನ ಕಲಂ ಅಷ್ಟೇ ಮುಖ್ಯವಾದದ್ದು: ಸಾಲ ಕೊಟ್ಟವರು ಒಬ್ಬರನ್ನು ಹೊಣೆಯಿಂದ ಬಿಡುಗಡೆ ಮಾಡಿದರೆ ಮತ್ತೊಬ್ಬರ ಹೊಣೆ ತಪ್ಪುವುದಿಲ್ಲ, ಮತ್ತು ಬಿಡುಗಡೆಯಾದವರು ತಮ್ಮ ಜೊತೆಗಾರರಿಗೆ ಕೊಡಬೇಕಾದದ್ದೂ ತಪ್ಪುವುದಿಲ್ಲ. ಹೀಗಾಗಿ ಬ್ಯಾಂಕು ಪತ್ನಿಯ ಹೆಸರನ್ನು ತೆಗೆದುಹಾಕಿದ ಮೇಲೂ, ಹಿಂದೆ ತಾನು ಕಟ್ಟಿದ ಕಂತುಗಳ ಅರ್ಧವನ್ನು ಕೊಡಬೇಕೆಂದು ಪತಿ ಕೇಳಲು ದಾರಿ ಉಳಿದಿರುತ್ತದೆ. ಬ್ಯಾಂಕಿನ ಬಿಡುಗಡೆ ಪತ್ರದ ಜೊತೆಗೆ, ಪರಸ್ಪರ ಬಾಕಿ ಏನೂ ಇಲ್ಲವೆಂಬ ಮಾತು ದಂಪತಿಯ ಒಪ್ಪಂದದಲ್ಲೂ ಬರಬೇಕಾಗುವುದು ಇದರಿಂದಾಗಿಯೇ.

ಸಾಲವನ್ನು ಯಾವ ಪ್ರಮಾಣದಲ್ಲಿ ಹಂಚಬೇಕೆಂಬ ಸಿದ್ಧಸೂತ್ರವನ್ನು ಭಾರತದ ವಿವಾಹ ಕಾನೂನುಗಳು ಕೊಟ್ಟಿಲ್ಲ. ಗೋವಾದಲ್ಲಿ ಪೋರ್ಚುಗೀಸ್ ಕಾಲದಿಂದ ಉಳಿದುಬಂದಿರುವ ನಾಗರಿಕ ಸಂಹಿತೆಯ ಪ್ರಕಾರ ಮದುವೆಯೊಡನೆ ಆಸ್ತಿಯೂ ಸಾಮಾನ್ಯವಾಗಿ ಇಬ್ಬರದಾಗುತ್ತದೆ; ಕರ್ನಾಟಕವೂ ಸೇರಿದಂತೆ ಉಳಿದೆಡೆ ಮದುವೆಯ ಕಾರಣಕ್ಕೆ ಒಬ್ಬರ ಆಸ್ತಿ ಇನ್ನೊಬ್ಬರದಾಗುವುದಿಲ್ಲ, ಒಬ್ಬರ ಸಾಲವೂ ಇನ್ನೊಬ್ಬರ ಮೇಲೆ ಬರುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 27ನೆಯ ಕಲಂ ಮದುವೆಯ ಸಮಯದಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿರುವ ಸ್ವತ್ತಿನ ಬಗ್ಗೆ ಮಾತ್ರ ಹೇಳುತ್ತದೆ, ಮದುವೆಯಾಗಿ ಐದಾರು ವರ್ಷದ ನಂತರ ಕೊಂಡ ಫ್ಲ್ಯಾಟಿನ ವಿಷಯಕ್ಕೆ ಅದು ನೇರವಾಗಿ ಒದಗುವುದಿಲ್ಲ. ಅಂಥ ಆಸ್ತಿಯ ವ್ಯಾಜ್ಯವನ್ನು ವಿಚಾರಿಸುವ ಅಧಿಕಾರ 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 7ನೆಯ ಕಲಮಿನಿಂದ ಕುಟುಂಬ ನ್ಯಾಯಾಲಯಕ್ಕೆ ಬಂದಿದೆ. ಆಸ್ತಿಯಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೆಯ ಕಲಂ ಉತ್ತರ ಕೊಡುತ್ತದೆ: ಇಬ್ಬರ ಹೆಸರಿನಲ್ಲಿ ಕೊಂಡ ಸ್ಥಿರಾಸ್ತಿಯಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಅವರವರು ಹಾಕಿದ ಹಣದ ಪ್ರಮಾಣದಲ್ಲಿ ಪಾಲು ಇರುತ್ತದೆ, ಯಾರು ಎಷ್ಟು ಹಾಕಿದರೆಂಬುದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು ಎಂದು ಊಹಿಸಲಾಗುತ್ತದೆ. ಹಳೆಯ ಬ್ಯಾಂಕ್ ಪಾಸ್‌ಬುಕ್ಕುಗಳ ಬೆಲೆ ತಿಳಿಯುವುದು ಇಂಥ ಹೊತ್ತಿನಲ್ಲಿ.

3. ಮೊದಲ ಹೆಜ್ಜೆ: ಸಾಲಗಳ ಪಟ್ಟಿ

ಹಂಚಿಕೆಗೆ ಮುನ್ನ ಏನೇನು ಸಾಲ ಇದೆ ಎಂಬುದು ಗೊತ್ತಾಗಬೇಕು, ಮತ್ತು ಅದಕ್ಕೆ ಇಬ್ಬರ ನೆನಪು ಸಾಲದು. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಹಾಗೂ ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಸಾಲಮಾಹಿತಿ ಸಂಸ್ಥೆಗಳು ಪ್ರತಿಯೊಬ್ಬರ ಸಾಲದ ಚರಿತ್ರೆಯನ್ನು ಇಟ್ಟಿರುತ್ತವೆ, ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪ್ರತಿ ಸಂಸ್ಥೆಯೂ ಉಚಿತವಾಗಿ ಕೊಡಬೇಕು. ಈ ವರದಿಯಲ್ಲಿ ಪ್ರತಿ ಖಾತೆಯ ಎದುರು ಆ ವ್ಯಕ್ತಿಯ ಪಾತ್ರ ಏನೆಂಬುದು ನಮೂದಾಗಿರುತ್ತದೆ: ಒಬ್ಬರದೇ ಸಾಲವೇ, ಜಂಟಿ ಸಾಲವೇ, ಜಾಮೀನೇ ಅಥವಾ ಮತ್ತೊಬ್ಬರ ಕಾರ್ಡನ್ನು ಬಳಸುವ ಅನುಮತಿಯೇ ಎಂಬುದು ಇದರಿಂದ ತಿಳಿಯುತ್ತದೆ. ಬಾವನ ಅಂಗಡಿಗೋ ಗೆಳೆಯನ ವಾಹನಕ್ಕೋ ಎಂದೋ ಹಾಕಿ ಮರೆತ ಜಾಮೀನು ಕೂಡ ಇಲ್ಲಿ ಸಿಕ್ಕಿಬೀಳುತ್ತದೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆದಾಯ, ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಹೇಳಿದ ನಂತರ, ಈ ಪಟ್ಟಿಗೆ ನ್ಯಾಯಾಲಯದ ಕಡತದಲ್ಲೂ ಒಂದು ನಿಶ್ಚಿತ ಸ್ಥಾನ ದೊರೆತಿದೆ.

ಪಟ್ಟಿಯ ಪ್ರತಿ ಸಾಲಕ್ಕೂ ಮೂರು ಪ್ರಶ್ನೆಗಳನ್ನು ಹಾಕಿ ನೋಡುವುದು ಉಪಯುಕ್ತ: ಸಹಿ ಯಾರದು, ಹಣ ಹೋದದ್ದು ಎಲ್ಲಿಗೆ, ಆ ಹಣದಿಂದ ಬಂದ ವಸ್ತು ಈಗ ಯಾರ ಕೈಯಲ್ಲಿದೆ. ಮೊದಲನೆಯದು ಬ್ಯಾಂಕಿನ ಪ್ರಶ್ನೆ, ಉಳಿದೆರಡು ನ್ಯಾಯದ ಪ್ರಶ್ನೆಗಳು. ಮಗುವಿನ ಆಸ್ಪತ್ರೆ ಖರ್ಚಿಗೆಂದು ಪತ್ನಿ ತನ್ನೊಬ್ಬಳ ಹೆಸರಿನಲ್ಲಿ ಪಡೆದ ವೈಯಕ್ತಿಕ ಸಾಲ ಬ್ಯಾಂಕಿನ ಕಣ್ಣಿಗೆ ಅವಳೊಬ್ಬಳದೇ ಆಗಿದ್ದರೂ ಸಂಸಾರದ ಲೆಕ್ಕದಲ್ಲಿ ಇಬ್ಬರದು. ಪತಿ ಶೇರುಪೇಟೆಯಲ್ಲಿ ತೊಡಗಿಸಲು ಪತ್ನಿಯ ಸಹಿಯನ್ನೂ ಪಡೆದು ಎತ್ತಿದ ಸಾಲ ಬ್ಯಾಂಕಿಗೆ ಇಬ್ಬರದಾದರೂ ನ್ಯಾಯವಾಗಿ ಅವನದು.

ಈ ಹಂತದಲ್ಲೇ ಹೊಸ ಸಾಲ ಬೆಳೆಯುವ ಬಾಗಿಲುಗಳನ್ನು ಮುಚ್ಚಬೇಕು. ಭಾರತದಲ್ಲಿ ಕ್ರೆಡಿಟ್ ಕಾರ್ಡಿನ ಹೊಣೆ ಮೂಲ ಕಾರ್ಡುದಾರರದು. ಸಂಗಾತಿಗೆ ಕೊಡಿಸುವ ಆ್ಯಡ್-ಆನ್ ಕಾರ್ಡಿನಲ್ಲಿ ಮಾಡಿದ ಖರ್ಚು ಕೂಡ ಮೂಲ ಕಾರ್ಡುದಾರರ ಬಿಲ್ಲಿಗೇ ಬರುತ್ತದೆ. ಆದ್ದರಿಂದ ಇಲ್ಲಿ ಹಂಚಿಕೆಗಿಂತ ಮೊದಲು ಆಗಬೇಕಾದದ್ದು ಆ್ಯಡ್-ಆನ್ ಕಾರ್ಡಿನ ರದ್ದತಿ. ಇಡೀ ಕಾರ್ಡನ್ನೇ ಮುಚ್ಚುವುದಾದರೆ, ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದಾದ ಜಂಟಿ ಖಾತೆಗೆ ಓವರ್‌ಡ್ರಾಫ್ಟ್ ಸೌಲಭ್ಯ ಸೇರಿದ್ದರೆ, ಇನ್ನು ಮುಂದೆ ಇಬ್ಬರ ಸಹಿ ಇಲ್ಲದೆ ವ್ಯವಹಾರ ನಡೆಯಬಾರದೆಂದು ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಆದರೆ ಗೃಹಸಾಲದ ಕಂತು ಅದೇ ಖಾತೆಯಿಂದ ಕಡಿತವಾಗುತ್ತಿದ್ದರೆ, ಖಾತೆ ತಡೆಯುವ ಮುನ್ನ ಕಂತಿಗೆ ಬೇರೆ ಖಾತೆಯನ್ನು ಗೊತ್ತುಮಾಡಬೇಕು. ಇಲ್ಲವಾದರೆ ರಕ್ಷಣೆಗೆಂದು ಹಾಕಿದ ತಡೆಯೇ ಬಾಕಿಗೆ ಕಾರಣವಾಗುತ್ತದೆ.

4. ಒಂದು ಲೆಕ್ಕ

ತತ್ತ್ವಗಳು ಸ್ಪಷ್ಟವಾಗಲು ಒಂದು ಕಲ್ಪಿತ ಪ್ರಕರಣವನ್ನು ಪೂರ್ತಿಯಾಗಿ ಲೆಕ್ಕ ಹಾಕಿ ನೋಡಬಹುದು. ದಂಪತಿ ಬೆಂಗಳೂರಿನಲ್ಲಿ 70 ಲಕ್ಷ ರೂಪಾಯಿಗೆ ಒಂದು ಫ್ಲ್ಯಾಟನ್ನು ಇಬ್ಬರ ಹೆಸರಿನಲ್ಲಿ ಕೊಂಡಿದ್ದಾರೆ. ಮುಂಗಡವಾಗಿ ಕೊಟ್ಟ 14 ಲಕ್ಷದಲ್ಲಿ 10 ಲಕ್ಷ ಪತ್ನಿಯ ಉಳಿತಾಯದ್ದು, 4 ಲಕ್ಷ ಪತಿಯದು. ಉಳಿದ 56 ಲಕ್ಷಕ್ಕೆ 20 ವರ್ಷದ ಜಂಟಿ ಸಾಲ ಪಡೆದಿದ್ದಾರೆ. ಬಡ್ಡಿ ಶೇಕಡ 8.5 ಎಂದೇ ಉಳಿಯಿತೆಂದು ಭಾವಿಸಿದರೆ ತಿಂಗಳ ಕಂತು ಸುಮಾರು 48,600 ರೂಪಾಯಿ ಆಗುತ್ತದೆ. ಏಳು ವರ್ಷ ಕಂತು ಕಟ್ಟಿದ ಮೇಲೆ ಅವರು ಬೇರೆಯಾಗಿದ್ದಾರೆ. ಆ ಹೊತ್ತಿಗೆ ಫ್ಲ್ಯಾಟಿನ ಬೆಲೆ 95 ಲಕ್ಷ.

ಏಳು ವರ್ಷದಲ್ಲಿ ಕಟ್ಟಿದ 84 ಕಂತುಗಳ ಮೊತ್ತ ಸುಮಾರು 40.8 ಲಕ್ಷ. ಆದರೆ ಸಾಲದ ಅಸಲು ಇಳಿದಿರುವುದು 10.2 ಲಕ್ಷದಷ್ಟು ಮಾತ್ರ; ಇನ್ನುಳಿದ 30.6 ಲಕ್ಷ ಬಡ್ಡಿಗೆ ಹೋಗಿದೆ, 45.8 ಲಕ್ಷ ಅಸಲು ಇನ್ನೂ ಬಾಕಿ ಇದೆ. ದೀರ್ಘಾವಧಿ ಸಾಲದ ಮೊದಲ ವರ್ಷಗಳಲ್ಲಿ ಕಂತಿನ ಹೆಚ್ಚಿನ ಭಾಗ ಬಡ್ಡಿಯೇ ಆಗಿರುತ್ತದೆಂಬ ಈ ಸಂಗತಿ ಹಂಚಿಕೆಯ ಮಾತುಕತೆಯಲ್ಲಿ ಬಹಳ ಸಲ ಮರೆತುಹೋಗುತ್ತದೆ. ಕಂತು ತನ್ನ ಸಂಬಳದ ಖಾತೆಯಿಂದ ಹೋಯಿತಾದ್ದರಿಂದ ತನ್ನದು 40 ಲಕ್ಷದ ಬಂಡವಾಳ ಎಂದು ಪತಿ ವಾದಿಸಬಹುದು. ಆದರೆ ಆ ಹಣದಲ್ಲಿ ಆಸ್ತಿಯಾಗಿ ಉಳಿದಿರುವುದು 10.2 ಲಕ್ಷ ಮಾತ್ರ. ಬಡ್ಡಿಯ ಭಾಗ ಇಬ್ಬರೂ ಆ ಮನೆಯಲ್ಲಿ ವಾಸಿಸಿದ್ದಕ್ಕೆ ತೆತ್ತ ಖರ್ಚು, ಅದು ದಿನಸಿ, ಶಾಲೆಯ ಶುಲ್ಕ, ವಿದ್ಯುತ್ ಬಿಲ್ಲಿನ ಸಾಲಿಗೆ ಸೇರಬೇಕಾದದ್ದು. ಪತಿಯ ಖಾತೆಯಿಂದ ಕಂತು ಹೋಗುತ್ತಿದ್ದಾಗ ಪತ್ನಿಯ ಸಂಬಳದಿಂದ ಮನೆಯ ಉಳಿದ ಖರ್ಚು ನಡೆದಿದ್ದರೆ, ಅಥವಾ ಅವಳು ಸಂಬಳವಿಲ್ಲದೆ ಮನೆಯನ್ನೇ ನಡೆಸಿದ್ದರೆ, ಇಳಿದ ಅಸಲನ್ನು ಇಬ್ಬರ ಹೆಸರಿಗೂ 5.1 ಲಕ್ಷದಂತೆ ಹಾಕುವುದು ನ್ಯಾಯವಾದ ಕ್ರಮ.

ಈಗ ಫ್ಲ್ಯಾಟಿನ ಬೆಲೆಯಿಂದ ಬಾಕಿ ಅಸಲನ್ನು ಕಳೆದರೆ ಹಂಚಿಕೆಗೆ ಸಿಗುವ ನಿವ್ವಳ ಮೌಲ್ಯ 49.2 ಲಕ್ಷ. ಇದನ್ನು ಮೂರು ರೀತಿಯಲ್ಲಿ ಹಂಚಬಹುದು. ಸರಿಸಮ ಪಾಲಾದರೆ ಒಬ್ಬೊಬ್ಬರಿಗೆ 24.6 ಲಕ್ಷ. ಹಾಕಿದ ಹಣದ ಪ್ರಮಾಣದಲ್ಲಾದರೆ, ಪತ್ನಿಯದು 15.1 ಲಕ್ಷ, ಪತಿಯದು 9.1 ಲಕ್ಷ ಆಗಿರುವುದರಿಂದ, ಪತ್ನಿಗೆ ಸುಮಾರು 30.7 ಲಕ್ಷ, ಪತಿಗೆ 18.5 ಲಕ್ಷ. ಮೂರನೆಯ ರೀತಿಯಲ್ಲಿ ಮೊದಲು ಅವರವರು ಹಾಕಿದ್ದನ್ನು ಅವರವರಿಗೆ ಮರಳಿಸಿ, ಬೆಲೆ ಏರಿಕೆಯಿಂದ ಬಂದ 25 ಲಕ್ಷವನ್ನು ಸಮವಾಗಿ ಹಂಚಲಾಗುತ್ತದೆ. ಆಗ ಪತ್ನಿಗೆ 27.6 ಲಕ್ಷ, ಪತಿಗೆ 21.6 ಲಕ್ಷ. ಎರಡನೆಯ ರೀತಿ 45ನೆಯ ಕಲಮಿಗೆ ಹೆಚ್ಚು ಹತ್ತಿರವಾದದ್ದು. ಮೂರನೆಯದು ರಾಜಿಗೆ ಹೆಚ್ಚು ಒಗ್ಗುವಂಥದ್ದು, ಏಕೆಂದರೆ ಮುಂಗಡ ಕೊಟ್ಟವರ ಹಣಕ್ಕೂ ಜಂಟಿ ಹೊಣೆ ಹೊತ್ತ ಇಬ್ಬರ ಸಹಿಗೂ ಅದು ಬೆಲೆ ಕೊಡುತ್ತದೆ. ಬೆಲೆ ಏರಲು ಸಾಲವೇ ಆಧಾರವಾಗಿತ್ತು, ಆ ಸಾಲದ ಅಪಾಯವನ್ನು ಇಬ್ಬರೂ ಸಮನಾಗಿ ಹೊತ್ತಿದ್ದರು.

ಬೇರೆಯಾದ ದಿನಕ್ಕೂ ಡಿಕ್ರಿಯ ದಿನಕ್ಕೂ ನಡುವಿನ ಕಂತುಗಳ ಲೆಕ್ಕ ಇನ್ನೊಂದು ತೊಡಕು. ಪತ್ನಿ ಮನೆ ಬಿಟ್ಟು ಹೋಗಿ, ಪತಿ ಅಲ್ಲೇ ಇದ್ದುಕೊಂಡು ಒಂದು ವರ್ಷ ಕಂತು ಕಟ್ಟಿದನೆಂದರೆ, 5.83 ಲಕ್ಷದ ಅರ್ಧವನ್ನು, ಅಂದರೆ ಸುಮಾರು 2.92 ಲಕ್ಷವನ್ನು, 43ನೆಯ ಕಲಮಿನ ಆಧಾರದಲ್ಲಿ ಕೇಳಲು ಅವನಿಗೆ ಮನಸ್ಸಾಗುತ್ತದೆ. ಆದರೆ ಆ ವರ್ಷ ಪತ್ನಿ ತನ್ನ ಪಾಲಿನ ಮನೆಯನ್ನು ಬಳಸಿಲ್ಲ. ಅಂಥ ಫ್ಲ್ಯಾಟಿನ ಬಾಡಿಗೆ ತಿಂಗಳಿಗೆ 26,000 ರೂಪಾಯಿ ಎಂದುಕೊಂಡರೆ ಅವಳ ಅರ್ಧದ ಬಾಡಿಗೆ ವರ್ಷಕ್ಕೆ 1.56 ಲಕ್ಷ, ಅದನ್ನು ಕಳೆದರೆ ಪತಿಗೆ ಬರಬೇಕಾದದ್ದು 1.36 ಲಕ್ಷ ಮಾತ್ರ. ಇಲ್ಲಿ ಒಂದು ಎಚ್ಚರ ಬೇಕು. ಆ ವರ್ಷದ ಕಂತುಗಳಿಂದ ಅಸಲು ಸುಮಾರು 2 ಲಕ್ಷ ಇಳಿದು 43.8 ಲಕ್ಷಕ್ಕೆ ಬಂದಿರುತ್ತದೆ. ಡಿಕ್ರಿಯ ದಿನದ ಬಾಕಿಯನ್ನು ಹಿಡಿದು ನಿವ್ವಳ ಮೌಲ್ಯ ಹಂಚಿದರೆ ಮಾತ್ರ ಪತಿಯ ಈ ಬೇಡಿಕೆಗೆ ಅರ್ಥವಿದೆ. ಬೇರೆಯಾದ ದಿನದ ಬಾಕಿಯನ್ನೇ ಹಿಡಿದು ಹಂಚಿಕೆ ಮಾಡಿ, ಮನೆಯನ್ನು ಪತಿಗೇ ಬಿಟ್ಟರೆ, ಇಳಿದ 2 ಲಕ್ಷದ ಲಾಭ ಪೂರ್ತಿ ಅವನಿಗೇ ಸಿಗುವುದರಿಂದ ಅನಂತರದ ಕಂತುಗಳೂ ಅವನವೇ ಆಗಬೇಕು. ಯಾವ ದಿನಾಂಕದ ಲೆಕ್ಕ ಎಂಬುದನ್ನು ಒಪ್ಪಂದದ ಮೊದಲ ಸಾಲಿನಲ್ಲೇ ಬರೆಯದಿದ್ದರೆ ಒಂದೇ ಹಣವನ್ನು ಎರಡು ಸಲ ಎಣಿಸುವ ತಪ್ಪು ನುಸುಳುತ್ತದೆ.

5. ಬ್ಯಾಂಕಿನ ಬಾಗಿಲಲ್ಲಿ

ಲೆಕ್ಕ ಒಪ್ಪಿಗೆಯಾದ ಮೇಲೆ ಹೊರಮುಖದ ಕೆಲಸ ಶುರುವಾಗುತ್ತದೆ. ಮೇಲಿನ ಪ್ರಕರಣದಲ್ಲಿ ಬೇರೆಯಾದ ದಿನದ ಲೆಕ್ಕವನ್ನೂ ಮೂರನೆಯ ರೀತಿಯನ್ನೂ ಒಪ್ಪಿ, ಪತಿ ಮನೆಯನ್ನು ಇಟ್ಟುಕೊಳ್ಳುತ್ತಾನೆಂದರೆ, ಅವನು 45.8 ಲಕ್ಷದ ಸಾಲವನ್ನು ಒಬ್ಬನೇ ಹೊತ್ತು ಪತ್ನಿಗೆ 27.6 ಲಕ್ಷ ಕೊಡಬೇಕು. ಕೈಯಲ್ಲಿ ಹಣವಿಲ್ಲದಿದ್ದರೆ ಒಟ್ಟು 73.4 ಲಕ್ಷದ ಸಾಲ ಬೇಕಾಗುತ್ತದೆ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಮನೆಯ ಬೆಲೆಯ ಶೇಕಡ 80ರವರೆಗೆ ಕೊಡಬಹುದೆಂಬ ರಿಸರ್ವ್ ಬ್ಯಾಂಕಿನ ಮಿತಿಯೊಳಗೆ ಇದು ಬರುತ್ತದೆ. ಆದರೆ 20 ವರ್ಷಕ್ಕೆ ಕಂತು ಸುಮಾರು 63,700 ರೂಪಾಯಿ ಆಗುವುದರಿಂದ ಅವನೊಬ್ಬನ ಆದಾಯ ಅದನ್ನು ತಾಳಬಲ್ಲುದೇ ಎಂಬುದನ್ನು ಬ್ಯಾಂಕು ಹೊಸದಾಗಿ ಅಳೆಯುತ್ತದೆ. ಪತ್ನಿಯೇ ಮನೆಯನ್ನು ಉಳಿಸಿಕೊಳ್ಳುವುದಾದರೆ ಪತಿಗೆ 21.6 ಲಕ್ಷ ಕೊಡಬೇಕು. ಒಟ್ಟು ಸಾಲ 67.4 ಲಕ್ಷಕ್ಕೂ ಕಂತು ಸುಮಾರು 58,500ಕ್ಕೂ ಬರುತ್ತದೆ. ಮೊದಲು ಸಾಲ ಕೊಟ್ಟಾಗ ಎರಡು ಸಂಬಳಗಳನ್ನು ನೋಡಿದ್ದ ಬ್ಯಾಂಕು ಈಗ ಒಂದನ್ನೇ ನೋಡಿ ಒಬ್ಬರನ್ನು ಬಿಟ್ಟುಕೊಡಲು ಬದ್ಧವಾಗಿಲ್ಲ. ವಿಚ್ಛೇದನದ ಡಿಕ್ರಿಯನ್ನು ತೋರಿಸಿದ ಮಾತ್ರಕ್ಕೆ ಸಹಸಾಲಗಾರರ ಹೆಸರು ತೆಗೆಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಇಲ್ಲಿ ಒಂದು ಸಿಕ್ಕು ಎದುರಾಗುತ್ತದೆ. ಆಸ್ತಿಯ ಸಹಮಾಲೀಕರೆಲ್ಲರೂ ಸಹಸಾಲಗಾರರಾಗಿರಬೇಕೆಂಬುದು ಬ್ಯಾಂಕುಗಳ ಸಾಮಾನ್ಯ ಪದ್ಧತಿಯಾದ್ದರಿಂದ, ಪತ್ನಿ ಮಾಲೀಕಳಾಗಿರುವವರೆಗೆ ಸಾಲದಿಂದ ಅವಳ ಹೆಸರನ್ನು ಬ್ಯಾಂಕು ತೆಗೆಯುವುದಿಲ್ಲ. ಮೂಲಪತ್ರಗಳು ಬ್ಯಾಂಕಿನ ವಶದಲ್ಲಿರುವುದರಿಂದ, ಬ್ಯಾಂಕಿನ ಒಪ್ಪಿಗೆಯಿಲ್ಲದೆ ಅವಳು ತನ್ನ ಪಾಲನ್ನು ಬಿಟ್ಟುಕೊಡುವಂತೆಯೂ ಇಲ್ಲ. ಈ ಸಿಕ್ಕನ್ನು ಬಿಡಿಸುವುದು ಕೆಲಸಗಳ ಅನುಕ್ರಮದಿಂದ. ಮೊದಲು ಪತಿ ತನ್ನೊಬ್ಬನ ಹೆಸರಿಗೆ ಸಾಲದ ಮಂಜೂರಾತಿ ಪತ್ರವನ್ನು ಪಡೆಯಬೇಕು, ಅದು ಹಳೆಯ ಬ್ಯಾಂಕಿನಿಂದಾಗಬಹುದು ಅಥವಾ ಸಾಲವನ್ನು ವಹಿಸಿಕೊಳ್ಳುವ ಬೇರೆ ಬ್ಯಾಂಕಿನಿಂದಾಗಬಹುದು. ಬಡ್ಡಿದರ ಬದಲಾಗುವ ಬಗೆಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ದಂಡಶುಲ್ಕ ವಿಧಿಸುವಂತಿಲ್ಲವಾದ್ದರಿಂದ ಬ್ಯಾಂಕು ಬದಲಿಸುವ ದಾರಿ ದುಬಾರಿಯಲ್ಲ. ಅನಂತರ ಒಪ್ಪಂದಕ್ಕೆ ಸಹಿಯಾಗಬೇಕು. ಅದಾದ ಮೇಲೆ ಹಕ್ಕು ಖುಲಾಸೆ ಪತ್ರ, ಅಂದರೆ ಪತ್ನಿ ತನ್ನ ಪಾಲನ್ನು ಪತಿಗೆ ಬಿಟ್ಟುಕೊಡುವ ರಿಲೀಸ್ ಡೀಡ್, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಬೇಕು, ಮತ್ತು ಅದೇ ದಿನ ಪತ್ನಿಯ ಹಣ ಡಿಮ್ಯಾಂಡ್ ಡ್ರಾಫ್ಟಿನ ರೂಪದಲ್ಲಿ ಅವಳ ಕೈಸೇರಬೇಕು. ಹಳೆಯ ಸಾಲಖಾತೆ ತೀರಿ, ಹೊಸ ಸಾಲಕ್ಕೆ ಪತಿಯೊಬ್ಬನೇ ಅಡಮಾನ ಬರೆದುಕೊಟ್ಟಾಗ ಕೆಲಸ ಮುಗಿಯುತ್ತದೆ. ಹಳೆಯ ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರಗಳನ್ನು ಹಿಂದಿರುಗಿಸಬೇಕು.

ನ್ಯಾಯಾಲಯದ ಕಾಲಪಟ್ಟಿಯನ್ನೂ ಇದರೊಡನೆ ಹೊಂದಿಸಿಕೊಳ್ಳಬೇಕು. ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಂತೆ ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಅರ್ಜಿಗೂ ಎರಡನೆಯ ಹಂತದ ವಿಚಾರಣೆಗೂ ನಡುವೆ ಆರು ತಿಂಗಳು ಇರುತ್ತದೆ. ತಕ್ಕ ಪ್ರಕರಣಗಳಲ್ಲಿ ಈ ಅವಧಿಯನ್ನು ಬಿಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರ ಅಮರದೀಪ್ ಸಿಂಗ್ ವಿರುದ್ಧ ಹರ್ವೀನ್ ಕೌರ್ ತೀರ್ಪಿನಲ್ಲಿ ಹೇಳುವಾಗ, ಜೀವನಾಂಶ, ಮಕ್ಕಳ ಪಾಲನೆ ಮುಂತಾದ ವಿವಾದಗಳು ನಿಜವಾಗಿ ಇತ್ಯರ್ಥವಾಗಿರಬೇಕೆಂಬುದನ್ನೂ ಪರಿಗಣಿಸಿತು. ಈ ನಡುವೆ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದಾದ್ದರಿಂದ, ಮಂಜೂರಾತಿ ಹಾಗೂ ಕರಡುಪತ್ರಗಳ ಕೆಲಸವನ್ನು ಈ ಅವಧಿಯಲ್ಲಿ ಮುಗಿಸಿಟ್ಟುಕೊಂಡು, ಹಕ್ಕು ಬಿಟ್ಟುಕೊಡುವುದನ್ನೂ ಹಣ ಕೊಡುವುದನ್ನೂ ಕೊನೆಯ ವಿಚಾರಣೆಯ ಹತ್ತಿರಕ್ಕೆ ಇಟ್ಟುಕೊಳ್ಳುವುದು ಇಬ್ಬರಿಗೂ ಸುರಕ್ಷಿತ. ಫ್ಲ್ಯಾಟಿನ ಹಕ್ಕನ್ನು ಪ್ರತ್ಯೇಕ ಪತ್ರದ ಬದಲು ರಾಜಿ ಡಿಕ್ರಿಯ ಮೂಲಕವೇ ಬಿಟ್ಟುಕೊಡುವುದಾದರೆ, ಆ ಸ್ವತ್ತು ಮೊಕದ್ದಮೆಯ ವಿಷಯವಾಗಿದ್ದರೆ ಮಾತ್ರ 1908ರ ನೋಂದಣಿ ಕಾಯ್ದೆಯ 17ನೆಯ ಕಲಂ ನೋಂದಣಿಯಿಂದ ವಿನಾಯಿತಿ ಕೊಡುತ್ತದೆ; ಅರ್ಜಿಯಲ್ಲಿ ಸ್ವತ್ತಿನ ಷೆಡ್ಯೂಲೇ ಇಲ್ಲದೆ ಕೊನೆಯ ರಾಜಿಯಲ್ಲಿ ಮಾತ್ರ ಅದು ಕಾಣಿಸಿಕೊಂಡರೆ ಈ ವಿನಾಯಿತಿ ಸಿಗುವುದಿಲ್ಲ.

6. ಹೆಸರು ತೆಗೆಯಲಾಗದಿದ್ದಾಗ

ಒಬ್ಬರ ಆದಾಯ ಸಾಲವನ್ನು ತಾಳದಿದ್ದರೆ ನೇರವಾದ ದಾರಿ ಮನೆಯ ಮಾರಾಟ. ಕೊಳ್ಳುವವರ ಹಣದಿಂದ ಮೊದಲು ಬ್ಯಾಂಕಿನ ಬಾಕಿ ತೀರುತ್ತದೆ, ಉಳಿದದ್ದು ಒಪ್ಪಿದ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ಮಕ್ಕಳ ಶಾಲೆಯ ಕಾರಣಕ್ಕೋ ಮಾರುಕಟ್ಟೆ ಕುಸಿದ ಕಾರಣಕ್ಕೋ ಮಾರಾಟ ಈಗಲೇ ಆಗದೆಂದಾದರೆ ಮಾತ್ರ ಜಂಟಿ ಸಾಲ ಕೆಲಕಾಲ ಮುಂದುವರಿಯುತ್ತದೆ, ಮತ್ತು ಆಗ ಸಾಮಾನ್ಯವಾಗಿ ನಷ್ಟಭರ್ತಿಯ ಕರಾರನ್ನು ಬರೆಯಲಾಗುತ್ತದೆ. ಮನೆಯಲ್ಲಿ ಉಳಿಯುವವರು ಕಂತು ಕಟ್ಟದೆ ಮತ್ತೊಬ್ಬರಿಗೆ ನಷ್ಟವಾದರೆ ಅದನ್ನು ತುಂಬಿಕೊಡುವುದಾಗಿ ಒಪ್ಪುವ ಕರಾರು ಇದು.

ಈ ಕರಾರಿನ ಮಿತಿಯನ್ನು ಮೊದಲೇ ತಿಳಿದಿರಬೇಕು. ಅದು ನಷ್ಟವಾದ ಮೇಲೆ ಕೆಲಸಕ್ಕೆ ಬರುತ್ತದೆ, ಕಟ್ಟಬೇಕಾದವರ ಬಳಿ ಹಣವಿದ್ದರೆ ಮಾತ್ರ ಫಲ ಕೊಡುತ್ತದೆ. ಕಂತು ತಡವಾದ ದಿನಗಳ ಎಣಿಕೆ ಇಬ್ಬರ ಸಾಲವರದಿಯಲ್ಲೂ ದಾಖಲಾಗುತ್ತದೆ, ತಪ್ಪು ಯಾರದೆಂದು ವರದಿ ಕೇಳುವುದಿಲ್ಲ. 90 ದಿನ ಮೀರಿದರೆ ಸಾಲ ಅನುತ್ಪಾದಕವೆಂದು ವರ್ಗೀಕರಣವಾಗುತ್ತದೆ. ಅನಂತರ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನಗಳ ಬೇಡಿಕೆ ನೋಟಿಸು ಕೊಟ್ಟು, ಆಗಲೂ ಹಣ ಬಾರದಿದ್ದರೆ ಮನೆಯನ್ನು ವಶಕ್ಕೆ ಪಡೆಯುವ ಅಧಿಕಾರ ಬ್ಯಾಂಕಿಗಿದೆ. ಮನೆ ಬಿಟ್ಟುಹೋದವರಿಗೆ ಇದು ಗೊತ್ತಾಗುವುದು ಬಹಳ ಸಲ ಕೊನೆಗೆ, ಏಕೆಂದರೆ ನೋಟಿಸು ಹೋಗುವುದು ಹಳೆಯ ವಿಳಾಸಕ್ಕೆ.

ಆದ್ದರಿಂದ ಕರಾರಿನಲ್ಲಿ ಕೇವಲ ಭರವಸೆಯ ಬದಲು ಕೆಲವು ಏರ್ಪಾಡುಗಳು ಇರಬೇಕು. ಮನೆ ಬಿಟ್ಟವರ ಹೊಸ ವಿಳಾಸ ಹಾಗೂ ಫೋನ್ ಸಂಖ್ಯೆ ಬ್ಯಾಂಕಿನ ದಾಖಲೆಗೆ ಸೇರಿ, ಸಾಲಖಾತೆಯನ್ನು ಅವರೂ ಆನ್‌ಲೈನಿನಲ್ಲಿ ನೋಡುವಂತಿರಬೇಕು. ಮೂರರಿಂದ ಆರು ಕಂತುಗಳಷ್ಟು ಹಣ ನಿಶ್ಚಿತ ಠೇವಣಿಯಲ್ಲಿದ್ದು, ಕಂತು ತಪ್ಪಿದ ತಕ್ಷಣ ಅದರಿಂದ ಕಟ್ಟುವ ಅಧಿಕಾರ ಮತ್ತೊಬ್ಬರಿಗೆ ಇರಬೇಕು. ಎರಡು ಕಂತು ತಪ್ಪಿದರೆ, ಅಥವಾ ಒಪ್ಪಿದ ಗಡುವಿನೊಳಗೆ ಸಾಲವನ್ನು ಒಬ್ಬರ ಹೆಸರಿಗೆ ಬದಲಿಸಿಕೊಳ್ಳದಿದ್ದರೆ, ಮನೆಯನ್ನು ಮಾರಲು ಇಬ್ಬರೂ ಬದ್ಧರೆಂದು ಬರೆದಿರಬೇಕು. ಕಂತು ಕಟ್ಟುವವರು ತೀರಿಕೊಂಡರೆ ಬ್ಯಾಂಕು ಉಳಿದ ಸಹಸಾಲಗಾರರತ್ತ ತಿರುಗುವುದರಿಂದ, ಸಾಲದ ಬಾಕಿಯಷ್ಟು ಜೀವವಿಮೆ ಅವರ ಹೆಸರಿನಲ್ಲಿ ಇರಬೇಕು. ಸಾಲದ ಜೊತೆಗೆ ಮಾರಿದ ಹಳೆಯ ವಿಮೆ ಇಬ್ಬರಲ್ಲಿ ಯಾರ ಜೀವಕ್ಕೆ, ಎಷ್ಟು ಮೊತ್ತಕ್ಕೆ ಇದೆ ಎಂಬುದನ್ನು ಪಾಲಿಸಿಯನ್ನು ತೆರೆದೇ ನೋಡಬೇಕು, ಏಕೆಂದರೆ ಕೆಲವು ಸಲ ಅದು ಒಬ್ಬರನ್ನಷ್ಟೇ ಒಳಗೊಂಡಿರುತ್ತದೆ.

ಮನೆ ಬಿಟ್ಟುಹೋದವರು ಕೋಪದಲ್ಲಿ ಕಂತು ನಿಲ್ಲಿಸುವುದೂ, ಕಂತಿನ ನೆಪದಲ್ಲಿ ಜೀವನಾಂಶವನ್ನು ತಡೆಯುವುದೂ ಸಾಮಾನ್ಯವಾಗಿ ಕಾಣುವ ತಪ್ಪುಗಳು. ಮೊದಲನೆಯದರಲ್ಲಿ ಅವರ ಸ್ವಂತ ದಾಖಲೆಯೇ ಕೆಡುತ್ತದೆ. ಸಾಕಷ್ಟು ಹಣವಿಲ್ಲದೆ ಸ್ವಯಂಕಡಿತ ವಿಫಲವಾದರೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೆಯ ಕಲಮಿನಂತೆ, ಚೆಕ್ ಅಮಾನ್ಯದಲ್ಲಿ ಆಗುವಂತೆಯೇ, ಕ್ರಿಮಿನಲ್ ಮೊಕದ್ದಮೆಗೂ ಅವಕಾಶವಿದೆ. ಎರಡನೆಯದರಲ್ಲಿ, ಸಂಬಳದಿಂದ ಸ್ವಂತ ಇಚ್ಛೆಯಿಂದ ಹೋಗುವ ಕಡಿತಗಳನ್ನು ನ್ಯಾಯಾಲಯಗಳು ಆದಾಯ ತೆರಿಗೆಯಂಥ ಕಡ್ಡಾಯ ಕಡಿತಗಳ ಸಮಕ್ಕೆ ಸಾಮಾನ್ಯವಾಗಿ ಎಣಿಸುವುದಿಲ್ಲ. ಆದರೆ ಪತ್ನಿ ಮತ್ತು ಮಕ್ಕಳು ವಾಸಿಸುತ್ತಿರುವ ಮನೆಯ ಕಂತನ್ನೇ ಪತಿ ಕಟ್ಟುತ್ತಿದ್ದರೆ, ಅದನ್ನು ವಸತಿಯ ಲೆಕ್ಕಕ್ಕೆ ಹಿಡಿಯಬೇಕೆಂದು ರಾಜಿಯಲ್ಲಿ ಸ್ಪಷ್ಟವಾಗಿ ಬರೆಯುವುದಕ್ಕೆ ಅಡ್ಡಿಯಿಲ್ಲ.

7. ಮುಗಿಯಿತೆಂದು ತಿಳಿಯುವುದು ಹೇಗೆ

ಹಂಚಿಕೆ ಪೂರ್ತಿಯಾಯಿತೆಂದು ಹೇಳಲು ಡಿಕ್ರಿಯ ಪ್ರತಿಯೊಂದೇ ಸಾಲದು. ಹಳೆಯ ಸಾಲಖಾತೆಗೆ ಬಾಕಿ ಇಲ್ಲವೆಂಬ ಪತ್ರ, ಅಡಮಾನ ತೀರಿದ್ದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರದಲ್ಲಿ ಬಂದ ನಮೂದು, ಖಾತಾದಲ್ಲಿ ಮಾಲೀಕರ ಹೆಸರಿನ ಬದಲಾವಣೆ ಹಾಗೂ ಪರಸ್ಪರ ಯಾವ ಬೇಡಿಕೆಯೂ ಉಳಿದಿಲ್ಲವೆಂಬ ಒಪ್ಪಂದದ ಮಾತು ಒಟ್ಟಿಗೆ ಇರಬೇಕು. ಇವೆಲ್ಲ ಆದ ಎರಡು ಮೂರು ತಿಂಗಳಿಗೆ ಇಬ್ಬರೂ ತಮ್ಮ ತಮ್ಮ ಸಾಲವರದಿಯನ್ನು ಮತ್ತೊಮ್ಮೆ ತೆಗೆದು ನೋಡಬೇಕು. ಅದರಲ್ಲಿ ಹಳೆಯ ಜಂಟಿ ಖಾತೆ ಮುಚ್ಚಿದೆ ಎಂದಿರಬೇಕು, ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದೆ ಎಂಬ ಅರ್ಥದ ನಮೂದು ಇರಬಾರದು. ಮುಂದೆ ಸಾಲ ಕೊಡುವವರ ಕಣ್ಣಿಗೆ ಇವೆರಡರ ವ್ಯತ್ಯಾಸ ದೊಡ್ಡದು. ತಪ್ಪಿದ್ದರೆ ಸಾಲಮಾಹಿತಿ ಸಂಸ್ಥೆಗೆ ದೂರು ಕೊಡಬಹುದು, 30 ದಿನದೊಳಗೆ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಪಡೆಯಲು ಅರ್ಹತೆ ಇದೆ.

ಹಾಗಾಗಿ ನ್ಯಾಯವಾದ ಹಂಚಿಕೆ ಎಂದರೆ ಇಬ್ಬರ ಹೆಗಲಿನ ಮೇಲೆ ಸಮತೂಕದ ಸಾಲವನ್ನು ಇಡುವುದಲ್ಲ. ಸಂಸಾರಕ್ಕೆ ಯಾರು ಏನು ಹಾಕಿದರೆಂಬುದನ್ನು ಅಸಲು ಮತ್ತು ಬಡ್ಡಿಗಳನ್ನು ಬೇರ್ಪಡಿಸಿ ಎಣಿಸುವುದು, ಆ ಎಣಿಕೆಯನ್ನು ಒಂದೇ ದಿನಾಂಕಕ್ಕೆ ನಿಲ್ಲಿಸುವುದು, ಹಾಗೂ ಒಬ್ಬರ ಮುಂದಿನ ನಡತೆಗೆ ಇನ್ನೊಬ್ಬರು ಬ್ಯಾಂಕಿನ ಮುಂದೆ ಹೊಣೆಯಾಗಿ ಉಳಿಯದಂತೆ ಕರಾರನ್ನೇ ಬದಲಿಸುವುದು ಈ ನ್ಯಾಯದ ಮೂರು ಅಂಗಗಳು. ಇವುಗಳಲ್ಲಿ ಮೊದಲೆರಡನ್ನು ದಂಪತಿ ಮತ್ತು ಅವರ ವಕೀಲರು ಸೇರಿ ಮುಗಿಸಬಹುದು. ಮೂರನೆಯದಕ್ಕೆ ಬ್ಯಾಂಕಿನ ಸಹಿಯೂ ಬೇಕು. ಆದಕಾರಣ ಆ ಸಹಿ ಸಿಗುವುದೇ ಇಲ್ಲವೇ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ವಿಚಾರಿಸಿ ತಿಳಿದುಕೊಂಡವರು ಮಾತ್ರ ತಾವು ಹಂಚಿಕೊಂಡದ್ದು ಏನು, ಹಂಚಿಕೊಳ್ಳದೆ ಉಳಿಸಿದ್ದು ಏನು ಎಂಬುದನ್ನು ಬಲ್ಲವರಾಗಿರುತ್ತಾರೆ.